ಆ್ಯಪ್‌ ಹಿಂದೆ ಸಾಲ ಕೊಡುವವರು ಯಾರು?

ಪ್ರಶ್ನೆ: ಹೊಲಿಗೆ ಮೆಷಿನ್ ಕೊಳ್ಳಲು ಒಂದು ಆ್ಯಪ್‌ನಲ್ಲಿ 50,000 ರೂಪಾಯಿ ಸಾಲ ಕೇಳಿದ್ದೆ. ಮಂಜೂರಾಗಿದೆ ಎಂದು ಹೇಳಿ, ಆರ್‌ಬಿಐ ಮುದ್ರೆಯ ನೋಂದಣಿ ಪತ್ರವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಾರೆ. ಇನ್ಶೂರೆನ್ಸ್‌ಗೆಂದು 2,400 ರೂಪಾಯಿ ಮೊದಲು ಕಟ್ಟಬೇಕಂತೆ. ನಂಬಬಹುದೇ?
– ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಆರ್‌ಬಿಐ ನೋಂದಣಿ ಪತ್ರ ಸಿಗುವುದು ಸಾಲ ಕೊಡುವ ಕಂಪನಿಗೆ, ಆ್ಯಪ್‌ಗೆ ಅಲ್ಲ. ಆ್ಯಪ್‌ ಬರೀ ಮಧ್ಯವರ್ತಿ ಆಗಿರಬಹುದು. ಹಾಗಾಗಿ ಸಾಲ ಕೊಡುತ್ತಿರುವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿಯ ಪೂರ್ತಿ ಹೆಸರು ಮೊದಲು ಕೇಳಿ. ಸಹಿಗೆ ಮುಂಚೆ ಕೊಡಲೇಬೇಕಾದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್‌ ಅನ್ನೂ ಕೇಳಿ ಪಡೆಯಿರಿ. ವರ್ಷದ ಒಟ್ಟು ಬಡ್ಡಿ, ಶುಲ್ಕ ಎಲ್ಲವೂ ಅದರಲ್ಲಿ ಇರುತ್ತದೆ. ಹೆಸರು ಹೇಳಲು ಹಿಂದೆಮುಂದೆ ನೋಡಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಹೆಸರು ಸಿಕ್ಕಿತೆನ್ನಿ. rbi.org.in ತಾಣದಲ್ಲಿ ಎನ್‌ಬಿಎಫ್‌ಸಿಗಳ ಪಟ್ಟಿ ಇದೆ. ನೋಂದಣಿ ರದ್ದಾದವುಗಳ ಪಟ್ಟಿ ಬೇರೆಯೇ ಇದೆ, ಎರಡನ್ನೂ ನೋಡಿ. ಹೆಸರಿನ ಒಂದೊಂದು ಅಕ್ಷರವನ್ನೂ ಹೋಲಿಸಿ. ‘ಫೈನಾನ್ಸ್’ ಇದ್ದಲ್ಲಿ ‘ಫಿನ್‌ಸರ್ವ್’ ಎಂದಿದ್ದರೆ ಅದು ಬೇರೆಯೇ ಕಂಪನಿ.

ಹೆಸರು ಸರಿಯಾಗಿದ್ದರೂ ಕೆಲಸ ಮುಗಿಯಲಿಲ್ಲ. ವಂಚಕರು ಅಸಲಿ ಕಂಪನಿಯ ಹೆಸರನ್ನೂ ಪತ್ರವನ್ನೂ ಕದ್ದು ಬಳಸುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪತ್ರವನ್ನು ನಾನು ಪುರಾವೆ ಎಂದೇ ಪರಿಗಣಿಸುವುದಿಲ್ಲ. ಪಟ್ಟಿಯಲ್ಲಿರುವ ಕಂಪನಿಯ ಸ್ವಂತ ವೆಬ್‌ಸೈಟಿಗೆ ನೀವೇ ಹೋಗಿ. ತನ್ನ ಪರವಾಗಿ ಕೆಲಸ ಮಾಡುವ ಆ್ಯಪ್‌ಗಳ ಹೆಸರನ್ನು ಅದು ಅಲ್ಲಿ ಪ್ರಕಟಿಸಬೇಕು. ಅಲ್ಲಿರುವ ನಂಬರಿಗೇ ಫೋನ್ ಮಾಡಿ, ನಿಮ್ಮ ಸಾಲದ ಅರ್ಜಿ ಅವರಲ್ಲಿ ಇದೆಯೇ ಕೇಳಿ. ಏಜೆಂಟ್ ಕೊಟ್ಟ ನಂಬರಿಗೆ ಮಾಡಿದರೆ ಎತ್ತುವುದು ಅವನ ಕಡೆಯವರೇ. ಆ್ಯಪ್‌ಗಳ ಪಟ್ಟಿಯೊಂದನ್ನು ಆರ್‌ಬಿಐ 2025ರ ಜುಲೈನಿಂದ ತನ್ನ ತಾಣದಲ್ಲೂ ಹಾಕಿದೆ. ಆದರೆ ಅದು ಕಂಪನಿಗಳೇ ಕೊಟ್ಟ ಮಾಹಿತಿ, ಆರ್‌ಬಿಐ ಪರಿಶೀಲಿಸಿದ್ದಲ್ಲ.

ನಿಮ್ಮ ವಿಷಯದಲ್ಲಿ ಆ 2,400 ರೂಪಾಯಿಯೇ ದೊಡ್ಡ ಸುಳಿವು. ಇನ್ಶೂರೆನ್ಸ್ ಹೆಸರಿನಲ್ಲಿ ಕೇಳುತ್ತಿರುವುದು ಮಧ್ಯವರ್ತಿಯ ಶುಲ್ಕವಾಗಿದ್ದರೆ, ಅದನ್ನು ಕೊಡಬೇಕಾದ್ದು ಕಂಪನಿ, ಸಾಲಗಾರರಲ್ಲ. ಹಣ ಯಾರದೋ ಖಾಸಗಿ ಯುಪಿಐಗೆ ಹಾಕಿ ಎಂದರೆ, ಅಥವಾ ಆ್ಯಪ್‌ ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್, ಫೋಟೊಗಳಿಗೆ ಅನುಮತಿ ಕೇಳಿದರೆ, ಮತ್ತೇನನ್ನೂ ಪರೀಕ್ಷಿಸಬೇಕಿಲ್ಲ. sachet.rbi.org.in ನಲ್ಲಿ ದೂರು ಕೊಡಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ನಮ್ಮೂರಿನ ಫೈನಾನ್ಸ್ ಕಂಪನಿಯ ಲೆಟರ್‌ಹೆಡ್‌ನಲ್ಲಿ ಸಿಐಎನ್ ನಂಬರ್ ಇದೆ. ಅಷ್ಟು ಸಾಕೇ?
– ಓದುಗರು, ಹಾವೇರಿ

ಉತ್ತರ: ಸಾಲದು. ಆ 21 ಅಕ್ಷರ–ಅಂಕಿಗಳ ನಂಬರ್ ಒಂದು ಕಂಪನಿ ಹುಟ್ಟಿದೆ ಎಂದಷ್ಟೇ ತೋರಿಸುತ್ತದೆ. ಸಾಲ ಕೊಡುವುದೇ ಅದರ ವ್ಯವಹಾರವಾಗಿದ್ದರೆ ಆರ್‌ಬಿಐ ಪಟ್ಟಿಯಲ್ಲೂ ಹೆಸರಿರಬೇಕು. ಕಂಪನಿಯಲ್ಲದ ಲೇವಾದೇವಿಗಾರರು 1961ರ ಕರ್ನಾಟಕ ಲೇವಾದೇವಿ ಕಾಯ್ದೆಯಡಿ ಲೈಸೆನ್ಸ್ ಪಡೆದಿರಬೇಕು. ಅದರ ಅವಧಿ ಮುಗಿದಿದೆಯೇ ಎಂದು ದಿನಾಂಕ ನೋಡಿ, ಅನುಮಾನವಿದ್ದರೆ ಜಿಲ್ಲೆಯ ಸಹಕಾರ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.