ವಿದೇಶದ ಆಸ್ಪತ್ರೆಗೆ ಅರ್ಜಿ: ಮೊದಲು ಪ್ರೊಫೈಲ್, ಆಮೇಲೆ ಪತ್ರ

ಹೊರಮಾವು, ಬಾಣಸವಾಡಿ ಕಡೆ ಪಿ.ಜಿ.ಯಲ್ಲಿದ್ದುಕೊಂಡು, ನೈಟ್ ಡ್ಯೂಟಿ ಮುಗಿಸಿ ಬಂದು ಒಇಟಿಗೆ ಓದುವ ಸ್ಟಾಫ್ ನರ್ಸ್‌ಗಳು ಕಡಿಮೆಯೇನಿಲ್ಲ. ಪರೀಕ್ಷೆಗೆ ತಿಂಗಳುಗಟ್ಟಲೆ ಓದುವವರು ಅರ್ಜಿಯನ್ನು ಮಾತ್ರ ಗೆಳತಿಯ ಫೈಲಿನಿಂದ ನಕಲು ಮಾಡಿ ಕಳಿಸಿಬಿಡುತ್ತಾರೆ.

ರೆಸ್ಯುಮೆಯ ಆರಂಭದಲ್ಲೇ ಬರುವ ಪ್ರೊಫೈಲ್ ಸಮ್ಮರಿಯನ್ನು ಮೊದಲು ಬರೆಯಿರಿ. ನಾಲ್ಕು ಸಾಲು ಸಾಕು. 'ಶ್ರಮಜೀವಿ, ಸೇವಾ ಮನೋಭಾವದವಳು' ಎಂಬುದನ್ನು ಅಳಿಸಿ. ಅದನ್ನು ಎಲ್ಲರೂ ಬರೆಯುತ್ತಾರೆ. ನೀವು ಯಾವ ವಾರ್ಡಿನವರು, ಅಲ್ಲಿ ಎಷ್ಟು ಹಾಸಿಗೆ, ಒಂದು ಪಾಳಿಯಲ್ಲಿ ನಿಮ್ಮ ಪಾಲಿಗೆ ಎಷ್ಟು ರೋಗಿಗಳು, ಯಾವ ಉಪಕರಣಗಳನ್ನು ನೀವೇ ನಿಭಾಯಿಸುತ್ತೀರಿ ಎಂಬುದು ಬೇಕು. ನಾಲ್ಕು ವರ್ಷ ಐಸಿಯುನಲ್ಲಿ ದುಡಿದವರೊಬ್ಬರು ಹೀಗೆ ಬರೆಯಬಹುದು (ಅರ್ಜಿಯಲ್ಲಿ ಇದು ಇಂಗ್ಲಿಷಿನಲ್ಲಿರುತ್ತದೆ):

'ಬಿ.ಎಸ್ಸಿ. ನರ್ಸಿಂಗ್, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ. 18 ಹಾಸಿಗೆಯ ಮೆಡಿಕಲ್ ಐಸಿಯುನಲ್ಲಿ 4 ವರ್ಷ. ಪಾಳಿಗೆ ಇಬ್ಬರು ರೋಗಿಗಳು. ವೆಂಟಿಲೇಟರ್, ಆರ್ಟೀರಿಯಲ್ ಲೈನ್, ಇನ್‌ಫ್ಯೂಷನ್ ಪಂಪ್ ಸ್ವತಂತ್ರವಾಗಿ. ಸಿಆರ್‌ಆರ್‌ಟಿಯಲ್ಲಿ ಸಹಾಯಕಿಯಾಗಿ ಅನುಭವ.'

ಕೊನೆಯ ಸಾಲಿನ 'ಸಹಾಯಕಿ' ಎಂಬ ಪದವನ್ನು ಬಿಡಬೇಡಿ. ಸಂದರ್ಶನದಲ್ಲಿ ಕೆದಕುವುದು ಇಂಥ ಕಡೆಯೇ. ಸಿಆರ್‌ಆರ್‌ಟಿ ಯಂತ್ರದ ಅಲಾರಂ ಹೊಡೆದರೆ ಮೊದಲೇನು ನೋಡುತ್ತೀರಿ ಎಂದು ಕೇಳಿದಾಗ ತಡವರಿಸಿದರೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ.

ಕವರಿಂಗ್ ಲೆಟರ್ ಒಂದು ಪುಟ ಮೀರಬಾರದು. ಮೊದಲ ಪ್ಯಾರಾದಲ್ಲಿ ಹುದ್ದೆಯ ಹೆಸರು, ಜಾಹೀರಾತಿನ ಉಲ್ಲೇಖ ಸಂಖ್ಯೆ. ಎರಡನೆಯದರಲ್ಲಿ ಅವರು ಕೇಳಿರುವ ಒಂದೆರಡು ಅರ್ಹತೆಗೆ ನಿಮ್ಮ ವಾರ್ಡಿನದೇ ಘಟನೆ: ರಕ್ತದೊತ್ತಡ ಕುಸಿಯುತ್ತಿದ್ದುದನ್ನು ಯಾವ ಲಕ್ಷಣದಿಂದ ಗುರುತಿಸಿದಿರಿ, ಯಾರಿಗೆ ತಿಳಿಸಿದಿರಿ, ಮುಂದೇನಾಯಿತು. ರೋಗಿಯ ಹೆಸರು, ಗುರುತು ಬೇಡವೇ ಬೇಡ.

ಮೂರನೆಯದರಲ್ಲಿ ನೋಂದಣಿ ಎಲ್ಲಿಗೆ ಬಂದಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಬ್ರಿಟನ್ನಿಗಾದರೆ ಒಇಟಿ ಮತ್ತು ಸಿಬಿಟಿ ಪಾಸಾಗಿದೆ, ಆಸ್ಕಿ ಬಾಕಿ ಎಂದು. ದುಬೈಗಾದರೆ ಡಿಎಚ್‌ಎ ಕೊಡುವ ಎಲಿಜಿಬಿಲಿಟಿ ಲೆಟರ್ ಲೈಸೆನ್ಸ್ ಅಲ್ಲ. ಕೆಲಸ ಕೊಟ್ಟ ಆಸ್ಪತ್ರೆಯ ಮೂಲಕವೇ ಲೈಸೆನ್ಸ್ ಚಾಲ್ತಿಗೆ ಬರುವುದು. ಲೈಸೆನ್ಸ್ ಇದೆ ಎಂದು ಬರೆದರೆ ಸುಳ್ಳಾಗುತ್ತದೆ.

ಕಳಿಸುವ ಮುಂಚೆ ದಿನಾಂಕಗಳನ್ನು ಅನುಭವ ಪ್ರಮಾಣಪತ್ರದ ಜೊತೆ ಹೋಲಿಸಿ. ಗಲ್ಫ್ ದೇಶಗಳ ಅರ್ಜಿಗಳಲ್ಲಿ ಡೇಟಾಫ್ಲೋದವರು ಹಳೆಯ ಆಸ್ಪತ್ರೆಯನ್ನೇ ನೇರವಾಗಿ ವಿಚಾರಿಸುತ್ತಾರೆ. ಕೆಲಸ ಬಿಟ್ಟ ತಿಂಗಳು ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಓದಿಗೆಂದು ಆರು ತಿಂಗಳು ಮನೆಯಲ್ಲಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ಹೆಸರಿನ ಗೊಂದಲ ನಮ್ಮ ಕಡೆ ಜಾಸ್ತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಪತ್ರದಲ್ಲೂ ರೆಸ್ಯುಮೆಯಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಿರಿ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಈಗಲೇ ಮಾಡಿಸಿಟ್ಟುಕೊಂಡರೆ ದಾಖಲೆ ಕೇಳಿದಾಗ ಓಡಾಟ ತಪ್ಪುತ್ತದೆ.