ಒಂದೇ ಫೋಟೊ, ಮೂರು ಅಳತೆ: ತಲೆ ಕತ್ತರಿಸಿಹೋಗದಂತೆ ಕ್ರಾಪ್ ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. ಪ್ರದರ್ಶನದ ಪ್ರಚಾರಕ್ಕೆ ಒಂದೇ ಫೋಟೊವನ್ನು ಫೇಸ್‌ಬುಕ್ ಕವರ್, ಚೌಕ ಪೋಸ್ಟ್, ಸ್ಟೋರಿ ಮೂರಕ್ಕೂ ಬಳಸುತ್ತೇವೆ. ಕವರ್‌ನಲ್ಲಿ ಕಲಾವಿದರ ಹಣೆ ಕತ್ತರಿಸಿಹೋಗುತ್ತದೆ, ಸ್ಟೋರಿಯಲ್ಲಿ ದಿನಾಂಕ ಮರೆಯಾಗುತ್ತದೆ. ಏನು ಮಾಡಬೇಕು?
— ಓದುಗರು, ಧಾರವಾಡ

ಉತ್ತರ: ನೀವು ಒಂದು ಅಳತೆಗೆ ಕ್ರಾಪ್ ಮಾಡಿ, ಅದನ್ನೇ ಮತ್ತೊಂದು ಅಳತೆಗೆ ಎಳೆಯುತ್ತಿರಬಹುದು. ಹಾಗೆ ಮಾಡಬೇಡಿ. ಮೂರನ್ನೂ ಮೂಲ ಫೋಟೊದಿಂದಲೇ ತೆಗೆಯಿರಿ. ಕತ್ತರಿಸುವ ಮೊದಲು, ಮೂರೂ ಅಳತೆಗಳಲ್ಲಿ ಉಳಿಯುವ ಜಾಗ ಯಾವುದು ಎಂದು ಗುರುತು ಮಾಡಿಕೊಳ್ಳಿ. ಅದೇ ಸೇಫ್ ಝೋನ್.

ಮೊಬೈಲ್‌ನಲ್ಲಿ ಅಡ್ಡಲಾಗಿ ತೆಗೆದ 4000 × 3000 ಪಿಕ್ಸೆಲ್ ಫೋಟೊ ಇದೆ ಎಂದುಕೊಳ್ಳಿ. ಸ್ಟೋರಿಯ ಅಳತೆ 1080 × 1920. ಅದಕ್ಕೆ ಫೋಟೊದ ಪೂರ್ತಿ ಎತ್ತರ ಸಿಗುತ್ತದೆ, ಅಗಲದಲ್ಲಿ ಮಾತ್ರ ಸುಮಾರು 1690 ಪಿಕ್ಸೆಲ್ ಉಳಿಯುತ್ತದೆ. ಕಂಪ್ಯೂಟರ್‌ನಲ್ಲಿ ಫೇಸ್‌ಬುಕ್ ಪೇಜಿನ ಕವರ್ ಕಾಣುವುದು 851 × 315ರಲ್ಲಿ. ಅದಕ್ಕೆ ಪೂರ್ತಿ ಅಗಲ ಸಿಕ್ಕರೂ ಎತ್ತರ ಸುಮಾರು 1480ಕ್ಕೆ ಇಳಿಯುತ್ತದೆ, ಅಂದರೆ ಅರ್ಧಕ್ಕರ್ಧ ಹೋಯಿತು. ಹಣೆ ಕತ್ತರಿಸಿಹೋಗುವುದು ಇಲ್ಲೇ. ಚೌಕಕ್ಕೆ 3000 × 3000 ಸಿಗುವುದರಿಂದ ಅದರ ಚಿಂತೆ ಇಲ್ಲ.

ಈ ಮೂರು ಆಯತಗಳನ್ನು ಫೋಟೊದ ಮಧ್ಯಕ್ಕೆ ಇಟ್ಟು ನೋಡಿದರೆ, ಎಲ್ಲವೂ ಒಂದರ ಮೇಲೊಂದು ಬೀಳುವ ಭಾಗ ಸುಮಾರು 1690 × 1480. ಅಂಚಿಗೆ ತಾಗದಂತೆ ಎಡಬಲದಲ್ಲಿ ನೂರು ನೂರು ಪಿಕ್ಸೆಲ್ ಬಿಟ್ಟರೆ ನಡುವೆ ಹೆಚ್ಚುಕಡಿಮೆ 1500ರ ಚೌಕ ಉಳಿಯಿತು. ಮುಖ್ಯ ಪಾತ್ರಧಾರಿಗಳ ಮುಖ, ಕಿರೀಟವಿದ್ದರೆ ಅದೂ ಸೇರಿ, ಇದರೊಳಗೆ ಇರಬೇಕು. ಲೆಕ್ಕ ಬೇಡವೆಂದರೆ ಕ್ಯಾನ್ವಾ, ಜಿಂಪ್ ಅಥವಾ ಫೋಟೊಶಾಪ್‌ನಲ್ಲಿ ಈ ಮೂರು ಪ್ರಮಾಣದ ಅರೆಪಾರದರ್ಶಕ ಆಯತಗಳನ್ನು ಫೋಟೊ ಮೇಲೆ ಇಡಿ. ಬಣ್ಣ ಅತಿ ಗಾಢವಾಗಿ ಕಾಣುವಲ್ಲಿ ಮೂರೂ ಕೂಡಿವೆ.

ಇನ್ನು ದಿನಾಂಕದ ವಿಷಯ. ಸ್ಟೋರಿಯ ಮೇಲ್ಭಾಗದಲ್ಲಿ ಖಾತೆಯ ಹೆಸರು, ಕೆಳಭಾಗದಲ್ಲಿ ಉತ್ತರ ಬರೆಯುವ ಪಟ್ಟಿ ಬಂದು ಕೂರುತ್ತವೆ. 1920 ಪಿಕ್ಸೆಲ್ ಎತ್ತರದಲ್ಲಿ ಮೇಲೆ 250, ಕೆಳಗೆ 340 ಪಿಕ್ಸೆಲ್‌ಗಳಷ್ಟು ಜಾಗದಲ್ಲಿ ಅಕ್ಷರ ಇಡಬೇಡಿ. ನಿಮ್ಮ ಫೋನಿನಲ್ಲಿ ಸರಿಯಾಗಿ ಕಂಡಿತೆಂದು ನಂಬಬೇಡಿ. ಉದ್ದನೆಯ ಪರದೆಯ ಫೋನಿನಲ್ಲಿ ಆ ಪಟ್ಟಿ ಚಿತ್ರದ ಕೆಳಗೆ ಪ್ರತ್ಯೇಕವಾಗಿ ನಿಲ್ಲುತ್ತದೆ, ಗಿಡ್ಡ ಪರದೆಯ ಹಳೆಯ ಫೋನಿನಲ್ಲಿ ಚಿತ್ರದ ಮೇಲೆಯೇ ಬರುತ್ತದೆ. ಎರಡು ಬಗೆಯ ಫೋನಿನಲ್ಲೂ ನೋಡಿ.

ಇದೇ ಕಾರಣಕ್ಕೆ ಅಕ್ಷರಗಳನ್ನು ಫೋಟೊದೊಳಗೆ ಅಚ್ಚು ಹಾಕಿ ಆಮೇಲೆ ಕ್ರಾಪ್ ಮಾಡಬಾರದು. ಮೊದಲು ಫೋಟೊ ಕ್ರಾಪ್ ಮಾಡಿ, ನಂತರ ಒಂದೊಂದು ಅಳತೆಗೂ ಅಕ್ಷರವನ್ನು ಬೇರೆ ಲೇಯರ್‌ನಲ್ಲಿ ಹೊಸದಾಗಿ ಕೂರಿಸಿ. ಸ್ಟೋರಿಯಲ್ಲಿ ನಾಟಕದ ಹೆಸರು, ದಿನಾಂಕ, ಸ್ಥಳ ಮುಖಗಳ ಮೇಲ್ಗಡೆ ಮತ್ತು ಕೆಳಗಡೆ ಹಿಡಿಸುತ್ತವೆ. ಕವರ್‌ನಲ್ಲಿ ನಾಟಕದ ಹೆಸರೊಂದೇ ಸಾಕು. ಏಕೆಂದರೆ ಮೊಬೈಲ್‌ನಲ್ಲಿ ಕವರ್ 640 × 360ರ ಪ್ರಮಾಣದಲ್ಲಿ ಕಾಣುತ್ತದೆ. ನೀವು 851 × 315ರ ಚಿತ್ರ ಹಾಕಿದರೆ ಎಡಕ್ಕೂ ಬಲಕ್ಕೂ ಸುಮಾರು 145 ಪಿಕ್ಸೆಲ್ ಕಾಣಿಸದೆ ಹೋಗುತ್ತದೆ. ಮೂಲೆಯಲ್ಲಿ ಬರೆದ ದಿನಾಂಕ ಅಲ್ಲೇ ಕಳೆದುಹೋಗುತ್ತದೆ.

ಕನ್ನಡ ಅಕ್ಷರಕ್ಕೆ ಇನ್ನೊಂದು ಎಚ್ಚರ ಬೇಕು. ‘ಪ್ರದರ್ಶನ’, ‘ರಾತ್ರಿ’ ಎಂದು ಬರೆದಾಗ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅಂಚಿನ ಅಂತರವನ್ನು ಅಕ್ಷರದ ಬುಡದಿಂದಲ್ಲ, ಒತ್ತಿನ ಕೆಳತುದಿಯಿಂದ ಅಳೆಯಿರಿ.

ಐದಾರು ಕಲಾವಿದರು ಸಾಲಾಗಿ ನಿಂತ ಫೋಟೊ ಆದರೆ ನಡುವಿನ ಚೌಕಕ್ಕೆ ಎಲ್ಲರೂ ಹಿಡಿಯುವುದಿಲ್ಲ. ಆಗ ಸ್ಟೋರಿಗೆ ಕ್ರಾಪ್ ಮಾಡುವುದನ್ನೇ ಬಿಡಿ. ಇಡೀ ಫೋಟೊವನ್ನು 1080 ಅಗಲಕ್ಕೆ ಇಳಿಸಿದರೆ ಅದರ ಎತ್ತರ 810 ಆಗುತ್ತದೆ. ಉಳಿದ 1110 ಪಿಕ್ಸೆಲ್‌ಗೆ ಫೋಟೊದ್ದೇ ಒಂದು ಬಣ್ಣ ತುಂಬಿ, ಆಗಲೇ ಹೇಳಿದ ಮೇಲು ಕೆಳಗಿನ ಜಾಗ ಬಿಟ್ಟು ವಿವರ ಬರೆಯಿರಿ. ಯಾರನ್ನೂ ಕತ್ತರಿಸಬೇಕಾಗಿಲ್ಲ.

ಮುಂದಿನ ಸಲ ಫೋಟೊ ತೆಗೆಯುವಾಗಲೇ ನಾಲ್ಕು ಹೆಜ್ಜೆ ಹಿಂದೆ ಸರಿದು, ಫೋನನ್ನು ಅಡ್ಡ ಹಿಡಿದು, ಮುಖ್ಯ ಪಾತ್ರಧಾರಿಗಳನ್ನು ನಡುವೆ ನಿಲ್ಲಿಸಿ ತಲೆಯ ಮೇಲೆ ಧಾರಾಳ ಜಾಗ ಬಿಡಿ. ಫೋಟೊದಲ್ಲಿ ಇಲ್ಲದ ಜಾಗವನ್ನು ಕ್ರಾಪ್ ಮಾಡುವವರು ತಂದುಕೊಡಲಾರರು.