ಕ್ಯಾಶ್ ಕ್ರೆಡಿಟ್: ಮಿತಿ, ಡ್ರಾಯಿಂಗ್ ಪವರ್, ಬಡ್ಡಿ

ಆಳಂದ ತಾಲ್ಲೂಕಿನ ಸರಸಂಬಾದಲ್ಲಿ ತೊಗರಿಯನ್ನು ಕೊಂಡು ಮಾರುವ ವರ್ತಕನೊಬ್ಬನಿಗೆ ಬ್ಯಾಂಕು 5,00,000 ರೂಪಾಯಿಗಳ ಕ್ಯಾಶ್ ಕ್ರೆಡಿಟ್ ಮಿತಿಯನ್ನು ಮಂಜೂರು ಮಾಡಿದೆಯೆಂದು ಭಾವಿಸೋಣ. ಅಷ್ಟೂ ಹಣವನ್ನು ಅವನು ಸರ್ವಕಾಲದಲ್ಲಿಯೂ ತೆಗೆಯಬಲ್ಲನೆಂದು ತಿಳಿಯಲಾಗದು. ಏಕೆಂದರೆ ಮಿತಿಯು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನಿಶ್ಚಿತವಾಗುವಂಥದು, ಡ್ರಾಯಿಂಗ್ ಪವರಾದರೋ ದಾಸ್ತಾನಿನೊಡನೆ ಏರಿಳಿಯುವಂಥದು. ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಎಲ್ಲೆ.

ಅವನು ಸಲ್ಲಿಸಿದ ದಾಸ್ತಾನು ಪಟ್ಟಿಯಲ್ಲಿ 8,00,000 ರೂಪಾಯಿಗಳ ತೊಗರಿಯಿದ್ದು, ಅದರಲ್ಲಿ 2,00,000 ರೂಪಾಯಿಗಳ ಮಾಲು ಉದ್ರಿಯಾಗಿ ತಂದುದಾದರೆ, ಆ ಮೊತ್ತವನ್ನು ಮೊದಲು ಕಳೆಯತಕ್ಕದ್ದು. ಉಳಿದ 6,00,000ರಲ್ಲಿ ಶೇಕಡ 25ರ ಮಾರ್ಜಿನ್ ಕಳೆದಾಗ ದೊರೆಯುವ 4,50,000 ರೂಪಾಯಿಯೇ ಡ್ರಾಯಿಂಗ್ ಪವರು. ಮಾರ್ಜಿನನ್ನು ಮೊದಲು, ಉದ್ರಿಯನ್ನು ಅನಂತರ ಕಳೆದು 4,00,000 ಎಂದು ಬರೆಯುವ ಪರೀಕ್ಷಾರ್ಥಿಯು ಇಲ್ಲಿಯೇ ಅಂಕ ಕಳೆದುಕೊಳ್ಳುತ್ತಾನೆ.

ಬಡ್ಡಿಯು ಮಿತಿಗಲ್ಲ, ಪ್ರತಿದಿನದ ಬಾಕಿಗೆ. 30 ದಿನಗಳ ತಿಂಗಳಿನಲ್ಲಿ 10 ದಿನ 3,00,000, ಉಳಿದ 20 ದಿನ 1,00,000 ಬಾಕಿಯಿದ್ದು ದರವು ವರ್ಷಕ್ಕೆ ಶೇಕಡ 12 ಆಗಿದ್ದರೆ, ಬಡ್ಡಿ 986 ಮತ್ತು 658, ಒಟ್ಟು ಸುಮಾರು 1,644 ರೂಪಾಯಿ. ಇದು ತಿಂಗಳ ಕೊನೆಗೆ ಖಾತೆಗೆ ಖರ್ಚು ಬೀಳುತ್ತದೆ. ಮಾಲು ಮಾರಿದ ಹಣವನ್ನು ಅಂದೇ ಜಮೆ ಮಾಡಿದವನಿಗೆ ಬಡ್ಡಿ ಅಂದಿನಿಂದಲೇ ಇಳಿಯುತ್ತದೆ. ಬಾಕಿಯು ಮಿತಿಯನ್ನಾಗಲಿ ಡ್ರಾಯಿಂಗ್ ಪವರನ್ನಾಗಲಿ ಮೀರಿ ನಿರಂತರ 90 ದಿನ ನಿಂತರೆ ಆ ಖಾತೆಯು ಅನುತ್ಪಾದಕ ಆಸ್ತಿಯೆನಿಸುತ್ತದೆ.